ಹೆಸರು ಒಂದು, ಬರೆದವರು ಏಳು ಮಂದಿ: ಬಹುಮಾನ ಯಾರಿಗೆ?

ಹೆಸರು ಸೂಚಿಸುವ ಸ್ಪರ್ಧೆ ಇಟ್ಟರೆ ಹೆಸರುಗಳಿಗೆ ಬರ ಬರುವುದಿಲ್ಲ. ಜಗಳ ಹುಟ್ಟುವುದು ಗೆದ್ದ ಹೆಸರನ್ನು ಹಲವರು ಬರೆದು ಹಾಕಿರುವಾಗ. ಕಥೆ, ಚಿತ್ರ, ಪ್ರಬಂಧದ ಸ್ಪರ್ಧೆಯಲ್ಲಿ ಇಬ್ಬರ ಕೃತಿ ಒಂದೇ ಆಗಿರುವುದಿಲ್ಲ. ಎರಡು ಪದದ ಹೆಸರಿನಲ್ಲಿ ಅದು ಮಾಮೂಲು. ಫಲಿತಾಂಶ ಹೊರಬಿದ್ದ ಸಂಜೆಯೇ ಫೋನ್ ಬರುತ್ತದೆ: "ಇದೇ ಹೆಸರು ನಾನೂ ಬರ್ದು ಹಾಕೀನ್ರಿ, ನನಗ್ಯಾಕ ಇಲ್ಲ?" ಈ ಪ್ರಶ್ನೆಗೆ ಉತ್ತರ ನಿಯಮದ ಹಾಳೆಯಲ್ಲಿ ಮೊದಲೇ ಇರಬೇಕು. ಹಾಗಾಗಿ ನಮ್ಮ ಕೆಲಸದಲ್ಲಿ ನಿಯಮ ಬರೆಯಲು ಕೂರುವುದೇ ಬಹುಮಾನ ಕೊಡುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ.

ಒಂದು ಉದಾಹರಣೆ ಹಿಡಿದು ನೋಡೋಣ. ಕಲಬುರಗಿ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿ ತನ್ನ ತೊಗರಿ ಬೇಳೆಯನ್ನು ಅರ್ಧ ಕಿಲೋ, ಒಂದು ಕಿಲೋ ಪ್ಯಾಕೆಟ್ಟಿನಲ್ಲಿ ಮಾರಲು ಹೊರಟಿದೆ, ಅದಕ್ಕೆ ಜನರಿಂದ ಹೆಸರು ಕೇಳುತ್ತಿದೆ ಎಂದುಕೊಳ್ಳಿ. ಬಹುಮಾನ 10,000 ರೂಪಾಯಿ. ಸೇಡಂ, ಚಿತ್ತಾಪುರ, ಜೇವರ್ಗಿ, ಆಳಂದದ ರೈತ ಸಂಪರ್ಕ ಕೇಂದ್ರಗಳ ಬಳಿ ಪೆಟ್ಟಿಗೆ ಇಟ್ಟಿದ್ದಾರೆ, ಜೊತೆಗೆ ಒಂದು ವಾಟ್ಸಾಪ್ ನಂಬರೂ ಇದೆ.

ಇಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ನಿಯಮ "ಒಂದೇ ಹೆಸರು ಹಲವರಿಂದ ಬಂದರೆ ಮೊದಲು ಕಳಿಸಿದವರಿಗೆ ಬಹುಮಾನ" ಎಂಬುದು. ಕೇಳಲು ನ್ಯಾಯವಾಗಿ ಕಾಣುತ್ತದೆ, ನಡೆಸಲು ಬರುವುದಿಲ್ಲ. ವಾಟ್ಸಾಪಿನಲ್ಲಿ ಬಂದ ಹೆಸರಿಗೆ ಗಂಟೆ, ನಿಮಿಷ ಇರುತ್ತದೆ. ಪೆಟ್ಟಿಗೆಯ ಚೀಟಿಗೆ ಅದು ಇಲ್ಲ. ಪೆಟ್ಟಿಗೆ ತೆರೆದ ದಿನವನ್ನೇ ಲೆಕ್ಕಕ್ಕೆ ಹಿಡಿದರೆ ಸೋಮವಾರ ಹಾಕಿದ ಹಳ್ಳಿಯವರು ಗುರುವಾರ ಮೊಬೈಲಿನಿಂದ ಕಳಿಸಿದವರಿಗಿಂತ ಹಿಂದೆ ಬೀಳುತ್ತಾರೆ. ಯಾರ ಬೇಳೆಯೋ ಅವರಿಗೇ ಅನ್ಯಾಯ. ಚೀಟಿ ಎತ್ತುವುದೂ ಬೇಡ. ಬುದ್ಧಿಯ ಸ್ಪರ್ಧೆ ಕೊನೆಯ ಮೆಟ್ಟಿಲಲ್ಲಿ ಅದೃಷ್ಟದ ಆಟವಾಗಿಬಿಡುತ್ತದೆ, ಲಾಟರಿಯ ಕಾನೂನಿನ ಪ್ರಶ್ನೆಯೂ ಎದ್ದು ಕೂರುತ್ತದೆ. ಪ್ರವೇಶ ಶುಲ್ಕ, "ಒಂದು ಪ್ಯಾಕೆಟ್ ಕೊಂಡವರು ಮಾತ್ರ" ಎಂಬ ಷರತ್ತು ಇಡಬಾರದು ಎನ್ನುವುದೂ ಇದೇ ಕಾರಣಕ್ಕೆ.

ನಡೆಯುವ ದಾರಿ ಎಂದರೆ ಹೆಸರಿನ ಆಯ್ಕೆಯನ್ನೂ ವಿಜೇತರ ಆಯ್ಕೆಯನ್ನೂ ಬೇರೆ ಬೇರೆ ಮಾಡುವುದು. ಅರ್ಜಿಯಲ್ಲಿ ಹೆಸರಿನ ಕೆಳಗೆ "ಈ ಹೆಸರು ಏಕೆ" ಎಂದು 50 ಪದ ಮೀರದ ವಿವರಣೆ ಕೇಳಿ. ಮೊದಲು ಹೆಸರು ಗೆಲ್ಲುತ್ತದೆ. ಆಮೇಲೆ ಆ ಹೆಸರು ಕಳಿಸಿದವರ ವಿವರಣೆಗಳಿಗೆ ಅಂಕ ಹಾಕಿ ವಿಜೇತರನ್ನು ಆರಿಸುತ್ತಾರೆ. ಅಲ್ಲೂ ಸಮ ಬಂದರೆ ಹಣ ಸಮನಾಗಿ ಹಂಚಿಕೆ. ಈ ಮೂರು ವಾಕ್ಯ ಕರಪತ್ರದಲ್ಲೇ ಅಚ್ಚಾಗಿರಲಿ. ವಿವರಣೆ ಬರೆಯಲು ಬಾರದವರು ಬೇರೆಯವರಿಂದ ಬರೆಸಬಹುದು, ಅಂಕ ವಿಚಾರಕ್ಕೇ ಹೊರತು ಭಾಷೆಯ ಸೊಗಸಿಗಲ್ಲ ಎಂದೂ ಸೇರಿಸಿ. ಇಲ್ಲದಿದ್ದರೆ ಮೇಷ್ಟ್ರುಗಳೇ ಗೆಲ್ಲುತ್ತಾರೆ.

ಅರ್ಜಿ ಒಂದೇ ಹಾಳೆಯಾದರೂ ನಡುವೆ ಹರಿಯುವ ಗೆರೆ ಇರಲಿ. ಮೇಲಿನ ಅರ್ಧದಲ್ಲಿ ಹೆಸರು, ವಿವರಣೆ. ಕೆಳಗಿನ ಅರ್ಧದಲ್ಲಿ ಕಳಿಸಿದವರ ವಿಳಾಸ, ಫೋನ್, ಸಹಿ, 18 ತುಂಬದವರಾದರೆ ಪಾಲಕರ ಸಹಿ. ಎರಡೂ ಅರ್ಧಕ್ಕೆ ಒಂದೇ ಕ್ರಮಸಂಖ್ಯೆ ಒತ್ತಿ, ಕೆಳಗಿನದನ್ನು ಹರಿದು ಲಕೋಟೆಯಲ್ಲಿ ಮೊಹರು ಮಾಡಿಡಬೇಕು. ಪೆಟ್ಟಿಗೆಯನ್ನು ಇಬ್ಬರು ಸೇರಿ ತೆರೆಯಬೇಕು, ಎಷ್ಟು ಚೀಟಿ ಸಿಕ್ಕವು ಎಂದು ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಒಬ್ಬರಿಗೆ ಎರಡು ಹೆಸರಿನ ಮಿತಿ ಸಾಕು. ಮಿತಿ ಇಲ್ಲದಿದ್ದರೆ ಒಬ್ಬರೇ ನೂರು ಹೆಸರು ಸುರಿದು ಬಲೆ ಬೀಸುತ್ತಾರೆ.

ಬಂದ ಹೆಸರುಗಳನ್ನು ಗುಂಪು ಮಾಡುವುದು ಮೈಮರೆತರೆ ಎಡವುವ ಜಾಗ. ಗೆಲ್ಲುವ ಹೆಸರು "ಎರೆನೆಲ" ಎಂದಿಟ್ಟುಕೊಳ್ಳಿ. ನಮ್ಮ ಕಡೆ ಅದನ್ನು ಒಬ್ಬರು ಎರೆನೆಲ ಎಂದು ಬರೆದರೆ ಇನ್ನೊಬ್ಬರು ಎರೆ ನೆಲ, ಮತ್ತೊಬ್ಬರು ಯರಿನೆಲ, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದವರು Yerenela. ಇವೆಲ್ಲ ಒಂದೇ ಹೆಸರೋ ನಾಲ್ಕೋ? ಕಾಗುಣಿತ, ಪದಗಳ ನಡುವಿನ ಜಾಗ, ಲಿಪಿ ಇಷ್ಟರಲ್ಲೇ ವ್ಯತ್ಯಾಸವಿದ್ದರೆ ಒಂದೇ ಹೆಸರು, ಪದವೇ ಬೇರೆಯಾದರೆ ಬೇರೆ ಹೆಸರು ಎಂದು ಮೊದಲೇ ನಿಶ್ಚಯಿಸಿ. ಹಾಗೆ ನೋಡಿದರೆ ಈ ನಾಲ್ಕೂ ಒಂದು, "ಕಪ್ಪುನೆಲ" ಬೇರೆ. ಹೀಗೆ ಗುಂಪು ಮಾಡುವ ಕೆಲಸವನ್ನು ಇಬ್ಬರು ಒಬ್ಬರನ್ನೊಬ್ಬರು ನೋಡದೆ ಮಾಡಿ, ಆಮೇಲೆ ಪಟ್ಟಿಗಳನ್ನು ತಾಳೆ ಹಾಕಬೇಕು. ತಾಳೆಯಾಗದ ಹೆಸರುಗಳನ್ನಷ್ಟೇ ಮೂರನೆಯವರು ನೋಡಿದರೆ ಸಾಕು.

ತೀರ್ಪುಗಾರರ ಕೈಗೆ ಹೋಗುವುದು ಟೈಪ್ ಮಾಡಿದ ಹೆಸರುಗಳ ಪಟ್ಟಿ ಮಾತ್ರ. ಕೈಬರಹ ಹೋದರೆ ಯಾರದೆಂದು ಗುರುತು ಸಿಗುತ್ತದೆ. ಯಾವ ಹೆಸರನ್ನು ಎಷ್ಟು ಮಂದಿ ಕಳಿಸಿದ್ದಾರೆ ಎಂಬುದೂ ಅವರಿಗೆ ತಿಳಿಯಬಾರದು. ತಿಳಿದರೆ ಅಂಕ ಆ ಕಡೆಗೆ ವಾಲುತ್ತದೆ. ಕಂಪನಿಯ ನಿರ್ದೇಶಕರು, ನೌಕರರು, ದಾಲ್ ಮಿಲ್ಲಿನವರು, ತೀರ್ಪುಗಾರರು, ಇವರ ಮನೆಯವರು ಭಾಗವಹಿಸುವಂತಿಲ್ಲ ಎಂಬುದನ್ನೂ ಮರೆಯದೆ ಬರೆಯಿರಿ.

ಐದು ಜನ ತೀರ್ಪುಗಾರರು, ಒಬ್ಬೊಬ್ಬರ ಕೈಯಲ್ಲಿ 20 ಅಂಕ. ನೆನಪಿನಲ್ಲಿ ಉಳಿಯುತ್ತದೆಯೇ, ಬೇಳೆಗೂ ಈ ನೆಲಕ್ಕೂ ಒಪ್ಪುತ್ತದೆಯೇ, ಅರ್ಧ ಕಿಲೋ ಪ್ಯಾಕೆಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಹಿಡಿಸುತ್ತದೆಯೇ, ಉರ್ದು, ತೆಲುಗು, ಮರಾಠಿ ಮನೆಮಾತಿನವರ ಬಾಯಲ್ಲೂ ಸಲೀಸಾಗಿ ಹೊರಳುತ್ತದೆಯೇ ಎಂಬ ನಾಲ್ಕಕ್ಕೆ ತಲಾ ಐದು. ಕೊನೆಯದನ್ನು ಊಹಿಸಬೇಡಿ. ಚೀಟಿ ಹಿಡಿದು ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಯಲ್ಲಿ ನಾಲ್ಕು ಜನರಿಂದ ಓದಿಸಿ ನೋಡಿ. ಅಂಕಗಳನ್ನು ಒಬ್ಬೊಬ್ಬರೇ ಬರೆದು ಕೊಟ್ಟ ಮೇಲೆಯೇ ಚರ್ಚೆ. ಮೊದಲೇ ಮಾತಾಡಿದರೆ ಹಿರಿಯರು ಹೇಳಿದ್ದಕ್ಕೆ ಉಳಿದವರು ತಲೆಯಾಡಿಸುತ್ತಾರೆ.

ಅಂಕ ಕೂಡಿಸುವ ರೀತಿಯಲ್ಲೂ ಒಂದು ಗುಂಡಿ ಇದೆ. "ಎರೆನೆಲ"ಕ್ಕೆ ಐವರು 15, 16, 15, 16, 6 ಕೊಟ್ಟಿದ್ದಾರೆ. "ಬಿಸಿಲಸಿರಿ"ಗೆ ಅದೇ ಐವರು 14, 15, 14, 15, 19. ಒಟ್ಟು ನೋಡಿದರೆ 68ಕ್ಕೆ 77, ಬಿಸಿಲಸಿರಿ ಗೆದ್ದಿತು. ಆದರೆ ನಾಲ್ವರು ಮೇಲೆ ಇಟ್ಟದ್ದು ಎರೆನೆಲವನ್ನು. ಐದನೆಯವರೊಬ್ಬರೇ ಅಂಕ ಎಳೆದು ಫಲಿತಾಂಶ ತಿರುಗಿಸಿದ್ದಾರೆ, ಬೇಕೆಂದೇ ಮಾಡಿರಬೇಕೆಂದೇನೂ ಇಲ್ಲ. ಪ್ರತಿ ಹೆಸರಿಗೂ ಅತಿ ಹೆಚ್ಚಿನ ಒಂದು ಅಂಕ, ಅತಿ ಕಡಿಮೆಯ ಒಂದು ಅಂಕ ಬಿಟ್ಟು ಉಳಿದ ಮೂರನ್ನು ಕೂಡಿಸಿ. ಎರೆನೆಲಕ್ಕೆ 46, ಬಿಸಿಲಸಿರಿಗೆ 44. ಈ ಲೆಕ್ಕವನ್ನು ಅಂಕ ಬರುವ ಮೊದಲೇ ಘೋಷಿಸಿರಬೇಕು. ಬಂದ ಮೇಲೆ ಲೆಕ್ಕ ಬದಲಿಸಿದರೆ ಅದು ಎಷ್ಟೇ ಸರಿಯಿದ್ದರೂ ಜನ ನಂಬುವುದಿಲ್ಲ.

ಜನರ ಮತಕ್ಕೆ ಬಿಡಬಾರದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 2016ರಲ್ಲಿ ಬ್ರಿಟನ್ನಿನ ಒಂದು ಸಂಶೋಧನಾ ಹಡಗಿಗೆ ಆನ್‌ಲೈನ್ ಮತದಲ್ಲಿ ಹೆಸರು ಕೇಳಿದರು. ತಮಾಷೆಗೆ ಸೂಚಿಸಿದ "ಬೋಟಿ ಮೆಕ್‌ಬೋಟ್‌ಫೇಸ್" ಭಾರೀ ಅಂತರದಲ್ಲಿ ಮುಂದೆ ಬಂತು. ಕೊನೆಗೆ ಹಡಗಿಗೆ ಡೇವಿಡ್ ಅಟೆನ್‌ಬರೋ ಅವರ ಹೆಸರಿಟ್ಟು, ಜನರ ಹೆಸರನ್ನು ಅದರಲ್ಲಿನ ಸ್ವಯಂಚಾಲಿತ ಪುಟ್ಟ ಜಲಾಂತರ್ಗಾಮಿಗೆ ಕೊಟ್ಟರು. ಮತ ಬೇಕೇ ಇದ್ದರೆ ತೀರ್ಪುಗಾರರು ಆರಿಸಿದ ಕೊನೆಯ ಮೂರು ಹೆಸರುಗಳ ನಡುವೆ ಇಡಿ, ಅದು ಸಲಹೆ ಮಾತ್ರ ಎಂದು ಬರೆಯಿರಿ.

ಕೊನೆಯ ಸುತ್ತಿನ ಮೊದಲು, ಹತ್ತು ಹೆಸರು ಉಳಿದಿರುವಾಗಲೇ, ಟ್ರೇಡ್‌ಮಾರ್ಕ್ ಹುಡುಕಾಟ ಮುಗಿಸಿರಬೇಕು. tmrsearch.ipindia.gov.in ತಾಣದಲ್ಲಿ ಇದಕ್ಕೆ ದುಡ್ಡಿಲ್ಲ. Wordmark ಹುಡುಕಾಟದ ಜೊತೆ Phonetic ಎಂಬುದನ್ನೂ ಮಾಡಿ, ಉಚ್ಚಾರ ಹತ್ತಿರವಿರುವುದೂ ಅಡ್ಡಿಯಾಗುತ್ತದೆ. ಟ್ರೇಡ್‌ಮಾರ್ಕಿನಲ್ಲಿ ಮಾಲುಗಳನ್ನು ಸಂಖ್ಯೆ ಕೊಟ್ಟು ವರ್ಗಗಳಾಗಿ ವಿಂಗಡಿಸಿರುತ್ತಾರೆ. ಬೇಳೆಗೆ ಒಂದೇ ವರ್ಗ ನೋಡಿ ಬಿಡಬೇಡಿ, 29, 30, 31 ಮೂರನ್ನೂ ನೋಡಿ. ನೋಂದಣಿಯಾಗದಿದ್ದರೂ ಮೊದಲಿನಿಂದ ಬಳಕೆಯಲ್ಲಿರುವ ಹೆಸರಿಗೆ ನಮ್ಮ ಕಾನೂನಿನಲ್ಲಿ ರಕ್ಷಣೆ ಉಂಟು. ಹೀಗಾಗಿ ಗಂಜಿನ ಕಿರಾಣಿ ಅಂಗಡಿಗಳನ್ನೂ ಒಂದು ಸುತ್ತು ಹಾಕಿ ಪ್ಯಾಕೆಟ್ಟುಗಳನ್ನು ನೋಡಿ ಬರಬೇಕು.

ನಮ್ಮ ಭಾಗದಲ್ಲಿ ಬಸವ, ಶರಣ ಎಂದು ಶುರುವಾಗುವ ಹೆಸರುಗಳು ರಾಶಿ ಬೀಳುತ್ತವೆ. ಭಕ್ತಿಯಿಂದ ಬಂದವು, ಗೌರವದಿಂದಲೇ ಬದಿಗಿಡಬೇಕು. ಅಗರಬತ್ತಿಗೆ "ರಾಮಾಯಣ" ಎಂಬ ಹೆಸರಿಟ್ಟ ಪ್ರಕರಣದಲ್ಲಿ, ಪವಿತ್ರ ಗ್ರಂಥದ ಹೆಸರನ್ನು ಯಾರೊಬ್ಬರೂ ತಮ್ಮ ಸ್ವತ್ತು ಮಾಡಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. "ಕಲಬುರಗಿ ತೊಗರಿ" ಎಂಬಂಥವು ಊರನ್ನೂ ಮಾಲನ್ನೂ ಹೇಳುತ್ತವೆಯೇ ಹೊರತು ಗುರುತಾಗುವುದಿಲ್ಲ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲೇ ಭೌಗೋಳಿಕ ಸೂಚಕ ಸಿಕ್ಕಿರುವುದರಿಂದ ಆ ಹೆಸರು ಈ ಬೆಳೆಗಾರರೆಲ್ಲರದು. ಇಂಥ ಹೆಸರು ನಡೆಯದು ಎಂದು ಕರಪತ್ರದಲ್ಲೇ ಎರಡು ಉದಾಹರಣೆ ಕೊಟ್ಟರೆ ಜನರ ಶ್ರಮ ಉಳಿಯುತ್ತದೆ.

ಗೆದ್ದ ಹೆಸರನ್ನು ಹೊರಗೆ ಹೇಳುವ ಮೊದಲು ಟ್ರೇಡ್‌ಮಾರ್ಕ್ ಅರ್ಜಿ ಹಾಕಿ. ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ ಸಣ್ಣ ಉದ್ದಿಮೆಗೆ 4,500, ಇತರರಿಗೆ 9,000 ರೂಪಾಯಿ ಶುಲ್ಕ. ಘೋಷಣೆ ಮೊದಲು, ಅರ್ಜಿ ಆಮೇಲೆ ಎಂದರೆ ನಡುವಿನ ದಿನಗಳಲ್ಲಿ ಬೇರೆಯವರು ಅದೇ ಹೆಸರಿಗೆ ಅರ್ಜಿ ಹಾಕಬಹುದು. ಹೆಸರಿನ ಹಕ್ಕು ಕಂಪನಿಗೆ ಸೇರುತ್ತದೆ ಎಂಬ ಒಪ್ಪಿಗೆ ಅರ್ಜಿಯ ಸಹಿಯ ಮೇಲೆಯೇ ಅಚ್ಚಾಗಿರಲಿ. ಮುಂದೆ ಆ ಹೆಸರು ಬಳಸಲಾಗದೆ ಹೋದರೂ ಬಹುಮಾನ ವಾಪಸ್ ಕೇಳುವುದಿಲ್ಲ ಎಂಬುದೂ ಅಲ್ಲೇ ಇರಬೇಕು. ಗೆದ್ದವರ ತಪ್ಪು ಅದರಲ್ಲಿ ಏನಿದೆ?

ಬಹುಮಾನವನ್ನು 10,000ಕ್ಕೇ ನಿಲ್ಲಿಸಿದ್ದಕ್ಕೆ ಕಾರಣವಿದೆ. ಆ ಮಿತಿ ದಾಟಿದ ಸ್ಪರ್ಧೆಯ ಗೆಲುವಿಗೆ ಶೇ 30ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ. 15,000 ಎಂದು ಬ್ಯಾನರ್ ಕಟ್ಟಿ ಕೈಗೆ 10,500 ಕೊಟ್ಟರೆ ಮೋಸ ಮಾಡಿದರು ಎಂದೇ ಮಾತಾಗುತ್ತದೆ. ದೊಡ್ಡ ಮೊತ್ತ ಇಡುವುದಾದರೆ ಕಡಿತದ ಮಾತು ಬ್ಯಾನರಿನಲ್ಲೇ ಇರಲಿ, ಪ್ಯಾನ್ ಬೇಕೆಂದೂ ಹೇಳಿ, ಹಣ ಬ್ಯಾಂಕ್ ಖಾತೆಗೇ ಹೋಗಲಿ.

ಈಗ ಎರೆನೆಲ ಎಂದು ಬರೆದ ಏಳು ಮಂದಿಯ ಕಡೆ ಬರೋಣ. ಮೂವರದು ಪೆಟ್ಟಿಗೆಯ ಚೀಟಿ, ನಾಲ್ವರದು ವಾಟ್ಸಾಪ್. ಏಳೂ ವಿವರಣೆಗಳನ್ನು ಟೈಪ್ ಮಾಡಿ, ಕ್ರಮಸಂಖ್ಯೆ ಮಾತ್ರ ಹಾಕಿ ಅದೇ ಐವರಿಗೆ ಕೊಡಿ. ಒಬ್ಬರು "ಕಪ್ಪು ಮಣ್ಣಲ್ಲಿ ಬೆಳೆಯುತ್ತದೆ" ಎಂದಷ್ಟೇ ಬರೆದಿರುತ್ತಾರೆ. ಇನ್ನೊಬ್ಬರು ಎರೆ ಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ಮಳೆ ನಿಂತ ಮೇಲೂ ತೊಗರಿ ಕಾಯಿ ಕಟ್ಟುವುದನ್ನು ಬರೆದಿರುತ್ತಾರೆ, ಅದು ನಾಳೆ ಪ್ಯಾಕೆಟ್ಟಿನ ಹಿಂಬದಿಗೂ ಆದೀತು. ಅಂಕ ಅಲ್ಲಿಗೆ ಹೋಗುತ್ತದೆ. ಇಬ್ಬರು ಸಮವಾದರೆ ತಲಾ 5,000. ಉಳಿದ ಐವರಿಗೆ ಪ್ರಮಾಣಪತ್ರ, ಮೊದಲ ಮಾಲಿನ ಒಂದೊಂದು ಕಿಲೋ ಬೇಳೆ. ಲಕೋಟೆ ಒಡೆಯುವುದು ಇದೆಲ್ಲ ಮುಗಿದ ಮೇಲೆ, ತೀರ್ಪುಗಾರರ ಎದುರಿಗೇ.

ಫಲಿತಾಂಶದ ಹಾಳೆಯಲ್ಲಿ ಗೆದ್ದ ಹೆಸರು, ಒಟ್ಟು ಬಂದ ಅರ್ಜಿಗಳು, ಈ ಹೆಸರು ಕಳಿಸಿದವರು ಏಳು ಎಂಬುದು, ಏಳೂ ಕ್ರಮಸಂಖ್ಯೆಗಳ ಎದುರು ವಿವರಣೆಗೆ ಬಿದ್ದ ಅಂಕ ಇಷ್ಟನ್ನೂ ಹಾಕಿ, ಪೆಟ್ಟಿಗೆ ಇಟ್ಟಿದ್ದ ಕಡೆಯಲ್ಲೆಲ್ಲ ಅಂಟಿಸಿ. ತಕರಾರಿಗೆ 15 ದಿನ ಕೊಡಿ, ಬರವಣಿಗೆಯಲ್ಲಿ ಮಾತ್ರ. ಬಹುಮಾನದ ಹಣ ಖಾತೆಗೆ ಹಾಕುವುದು ಆ 15 ದಿನ ಕಳೆದ ಮೇಲೆ.