ಐದೂ ಐದರ ರಿಪೋರ್ಟ್

ಮಡಿಕೇರಿಯಲ್ಲಿ ಇವತ್ತು ಬಿಡದ ಮಳೆ. ಐದೂ ಇಪ್ಪತ್ತಕ್ಕೆ ಭಾಗಮಂಡಲದ ಅಜ್ಜಿಯೊಬ್ಬರು ಕೊಡೆ ಮಡಚಿ ನಮ್ಮ ಲ್ಯಾಬ್ ಕೌಂಟರ್‌ಗೆ ಬಂದರು. ಥೈರಾಯ್ಡ್ ರಿಪೋರ್ಟ್. 5:05ಕ್ಕೆ ಕೊಡ್ತೀವಿ ಅಂತ ರಸೀದಿಯಲ್ಲೇ ಇದೆ.

"ಆಯ್ತಾ ಮಗಾ? ಬಸ್ಸು ಹೋಗಿಬಿಡುತ್ತೆ."

ಆಗಿರಲಿಲ್ಲ. ನನ್ನ ಸ್ಕ್ರೀನ್‌ನಲ್ಲಿ ಎಚ್ಚರಿಕೆಯೂ ಇರಲಿಲ್ಲ.

ನಮ್ಮ ಸಿಸ್ಟಮ್ ಗಂಟೆಗೊಮ್ಮೆ ತಡವಾದ ರಿಪೋರ್ಟ್ ಹುಡುಕುತ್ತದೆ. ಐದಕ್ಕೆ ನೋಡಿದಾಗ ಇದು ತಡವಾಗಿರಲಿಲ್ಲ, ಇನ್ನೂ ಐದು ನಿಮಿಷ ಬಾಕಿ. ಮುಂದಿನ ಸರದಿ ಆರಕ್ಕೆ. ನಡುವಿನ 55 ನಿಮಿಷ ನಮಗೆ ಸುದ್ದಿಯೇ ಇಲ್ಲ. ಅಜ್ಜಿಗೆ ಮಾತ್ರ ಇತ್ತು!

ಒಳಗೆ ಕೇಳಿದರೆ, ಮಷೀನ್ ಸರಿಯಿದೆಯಾ ಅಂತ ನೋಡೋಕೆ ಹಾಕೋ ಕಂಟ್ರೋಲ್ ಸ್ಯಾಂಪಲ್ ಸರಿ ಬಂದಿಲ್ಲ, ಮಷೀನ್ ಸರಿಮಾಡಿ ಮತ್ತೆ ಹಾಕಿದ್ದಾರಂತೆ. ಅದು ಮೂರೂವರೆಗೇ ಗೊತ್ತಿತ್ತು. ತಡ ಮಾಡಿದ್ದು ತಪ್ಪಲ್ಲ, ತಪ್ಪು ಅಂಕಿ ಕೊಡೋದಕ್ಕಿಂತ ವಾಸಿ. ಆದ್ರೆ ಹೇಳಬೇಕಲ್ವಾ?

ಕಂಪ್ಯೂಟರ್ ನೋಡಿಕೊಳ್ಳೋ ಹುಡುಗನಿಗೆ ಹೇಳಿದೆ: ಗಡುವು ದಾಟಿದ್ದು ಮಾತ್ರ ಬೇಡ, ಮುಂದಿನ ಎರಡು ಗಂಟೆಯಲ್ಲಿ ಕೊಡಬೇಕಾದದ್ದರಲ್ಲಿ ಡಾಕ್ಟರ್ ಸಹಿ ಆಗದೇ ಇರೋದನ್ನೂ ತೋರಿಸು. ಒಂದೇ ಗಂಟೆ ಇಟ್ಟರೆ ಸಾಲದು, ಈ ರಿಪೋರ್ಟ್ ಐದಕ್ಕೇ ಕಾಣೋದು. ಎರಡಾದರೆ ನಾಲ್ಕಕ್ಕೇ ಕಾಣುತ್ತೆ. ಪಕ್ಕದಲ್ಲಿ ಕಾರಣವೂ ಇರಲಿ: ಸ್ಯಾಂಪಲ್ ಬಂದಿಲ್ಲವೋ, ಮತ್ತೆ ಹಾಕಿದ್ದಾರೋ, ಸಹಿ ಬಾಕಿಯೋ. ಬರೀ 'ಪೆಂಡಿಂಗ್' ನೋಡಿ ನಾನು ಜನಕ್ಕೆ ಏನು ಹೇಳ್ಲಿ?

"ಪಟ್ಟಿ ಜಾಸ್ತಿ ಆಗುತ್ತೆ ಅಕ್ಕ" ಅಂದ. ಆಗಲಿ ಬಿಡು.

ಅಜ್ಜಿ ಬಸ್ ಹತ್ತಿದರು. ರಿಪೋರ್ಟ್ ಮಗಳ ವಾಟ್ಸಾಪ್‌ಗೆ ಹೋಯಿತು.