ಅಯ್ಯಪ್ಪನ ಕಾಡು, 11 ಮರ ಮತ್ತು ನಮ್ಮ ಆಫೀಸಿನ ಸ್ಲೈಡು

ನಮ್ಮ ಆಫೀಸಿನವರಿಗೆ ಒಂದು ಸ್ಲೈಡ್ ಅಂದ್ರೆ ಪ್ರಾಣ. ಕೊಡಗಿನ ದೇವರಕಾಡಿನ ಫೋಟೊ, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ನಮ್ಮ ಹಿರಿಯರ ಪರಿಸರ ಪ್ರಜ್ಞೆ’. ಯಾವ ಮೀಟಿಂಗ್ ಆದರೂ ಮೊದಲು ಅದೇ. ಫಂಡ್ ಕೊಡುವವರಿಗೆ ತುಂಬ ಇಷ್ಟವಾಗುತ್ತೆ. ದಕ್ಷಿಣ ಕೊಡಗಿನ ಒಂದು ಊರಿನ ದೇವಸ್ಥಾನ ಕಮಿಟಿ ಸಭೆಗೂ ಅದನ್ನೇ ಹಾಕಿಕೊಂಡು ಹೋಗಿ ಅಂತ ಮೇಲಿನವರು ಹೇಳಿದರು. ಹಾಕಿದೆವು. ಅಲ್ಲಿ ಅದು ಐದು ನಿಮಿಷವೂ ನಿಲ್ಲಲಿಲ್ಲ.

ವಿಷಯ ಇಷ್ಟು. ಐದು ಎಕರೆಯ ದೇವರಕಾಡು. ಸುತ್ತಲೂ ಕಾಫಿ ತೋಟ, ಒಂದು ಕಡೆ ಪಂಚಾಯಿತಿ ರಸ್ತೆ. ಕಾಡಿನ ನಡುವೆ ಮರದ ಬುಡದಲ್ಲಿ ಕಲ್ಲಿನ ಕಟ್ಟೆ, ಅದೇ ಅಯ್ಯಪ್ಪನ ಸ್ಥಾನ. ಜ್ಯೋತಿಷಿಯನ್ನು ಕರೆಸಿ ಅಷ್ಟಮಂಗಲ ಪ್ರಶ್ನೆ ಇಟ್ಟಾಗ ದೇವರಿಗೆ ಬಿಸಿಲು ಮಳೆಯಲ್ಲಿ ಕೂರೋದು ಸಾಕಾಗಿದೆ, ಗುಡಿ ಆಗಬೇಕು ಅಂತ ಬಂದಿದೆ. ಹಾಗಾಗಿ ನಡುವೆ ಗರ್ಭಗುಡಿ, ಅಂಗಳ ಸೇರಿ 25 ಮೀಟರ್ ಚೌಕ, ಅಲ್ಲಿವರೆಗೆ ಲಾರಿ ಹೋಗುವಂಥ ಕಾಂಕ್ರೀಟ್ ದಾರಿ. ಹೋಗುವ ಮರ 11. ಅರಣ್ಯ ಇಲಾಖೆಯವರು ನಮ್ಮ ಹತ್ತಿರ ಒಂದು ಟಿಪ್ಪಣಿ ಕೇಳಿದ್ದರು.

ನಮ್ಮ ರಿಪೋರ್ಟ್ ಫಾರ್ಮ್ಯಾಟ್‌ನಲ್ಲಿ ‘ಹಾನಿಯಾಗುವ ಮರಗಳ ಸಂಖ್ಯೆ’ ಅಂತ ಒಂದೇ ಕಾಲಂ ಇದೆ. 11 ಅಂತ ಬರೆದರೆ ಮುಗೀತು. ಬದಲಿಗೆ 110 ಸಸಿ ನೆಡಿಸಿ ಅಂತ ಕೆಳಗೆ ಸೇರಿಸಿದರೆ ಫೈಲು ಮುಂದೆ ಹೋಗುತ್ತೆ. ಆದರೆ ಸಣ್ಣ ಕಾಡಿನ ಲೆಕ್ಕ ಹಾಗಲ್ಲ. ಐದು ಎಕರೆ ಚೌಕ ಅಂದ್ಕೊಳ್ಳಿ, ಒಂದೊಂದು ಬದಿ ಸುಮಾರು 142 ಮೀಟರ್. ತೋಟದ ಕಡೆಯಿಂದ ಬಿಸಿಲು, ಒಣಗಾಳಿ ಒಳಗೆ ನುಗ್ಗುತ್ತಲೇ ಇರುತ್ತೆ. ಅದು ಬರೀ 30 ಮೀಟರ್ ಬರುತ್ತೆ ಅಂತ ಹಿಡಿದರೂ ನಾಲ್ಕೂ ಕಡೆ ಕಳೆದರೆ ಉಳಿಯೋದು 82 ಮೀಟರ್ ಚೌಕ. ಐದು ಎಕರೆಯಲ್ಲಿ ನಿಜವಾದ ತಂಪು ಕಾಡು ಒಂದೂವರೆ ಎಕರೆಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಈಗ ನಟ್ಟನಡುವೆ 25 ಮೀಟರ್ ಬಯಲು ಮಾಡಿದರೆ, ಅದರ ಸುತ್ತಲೂ ಮತ್ತೆ 30 ಮೀಟರ್ ಬಿಸಿಲು ಹರಡುತ್ತೆ. 25ಕ್ಕೆ 60 ಸೇರಿಸಿ, 85. ಉಳಿದಿದ್ದ 82 ಪೂರ್ತಿ ಹೋಯಿತು. ಕಡಿದದ್ದು 11 ಮರ, ಹೋದದ್ದು ಕಾಡಿನ ಹೊಟ್ಟೆ.

ಹೀಗಾಗಿರೋದು ತಕ್ಷಣ ಕಾಣಲ್ಲ, ಅದೇ ತೊಂದರೆ. ದೊಡ್ಡ ಮರಗಳು ನಿಂತೇ ಇರುತ್ತವೆ, ಫೋಟೊದಲ್ಲಿ ಕಾಡು ಕಾಡಿನಂತೆಯೇ ಇರುತ್ತೆ. ಮೇಲೆ ನೋಡಬಾರದು, ನೆಲ ನೋಡಬೇಕು. ಮೇಲಿರುವ ಧೂಪ, ರಾಮಪತ್ರೆಯ ಮರಿಗಳು ಮೊಣಕಾಲೆತ್ತರಕ್ಕೆ ಬಂದಿವೆಯಾ? ಬಂದಿದ್ದರೆ ಕಾಡು ಬದುಕಿದೆ. ಬರೀ ಲಂಟಾನ, ಕಮ್ಯುನಿಸ್ಟ್ ಗಿಡ, ಪಕ್ಕದ ತೋಟದಿಂದ ಬಂದ ರೊಬಸ್ಟಾ ಕಾಫಿ ಮರಿ ಇದ್ದರೆ, ಈಗಿರುವ ಮರಗಳೇ ಕೊನೆಯವು. ಅವು ಬಿದ್ದ ಮೇಲೆ ಅಲ್ಲಿ ಏಳುವುದು ಬೇರೆ ಏನೋ.

ಇದನ್ನೆಲ್ಲ ಹೇಳಬೇಕಿತ್ತು. ಅದರ ಬದಲು ಸ್ಲೈಡ್ ಹಾಕಿ ‘ನಿಮ್ಮ ಹಿರಿಯರು ಪ್ರಕೃತಿಯನ್ನು ಪೂಜಿಸಿದವರು, ಒಂದು ಎಲೆಯನ್ನೂ ಕೀಳದವರು’ ಅಂತ ಶುರು ಮಾಡಿದೆವು. ದೇವಸ್ಥಾನದ ಮುಖ್ಯಸ್ಥರಾದ ತಕ್ಕರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎದ್ದು ನಿಂತರು.

“ಸಾರ್, ನಮ್ಮ ಅಯ್ಯಪ್ಪ ಬೇಟೆ ದೇವರು. ಹರಕೆಗೆ ಮಣ್ಣಿನ ನಾಯಿ ಒಪ್ಪಿಸ್ತೇವೆ. ನಾಯಿ ಯಾಕೆ ಅಂತ ಗೊತ್ತಲ್ವಾ? ಹಂದಿ ಎಬ್ಬಿಸೋಕೆ. ಪರಿಸರ ಕಾಪಾಡಬೇಕು ಅಂತ ನಮ್ಮಜ್ಜಂದಿರು ಕಾಡು ಬಿಡಲಿಲ್ಲ. ಅದು ಅವನ ಆಸ್ತಿ, ನಮ್ಮದಲ್ಲ, ಅದಕ್ಕೆ ಮುಟ್ಟಲಿಲ್ಲ. ಈಗ ಅವನೇ ಮನೆ ಕೇಳಿದ್ದಾನೆ. ಅವನ ಮರ, ಅವನ ಮನೆ. ನಡುವೆ ನೀವ್ಯಾರು?”

ಹಾಲ್‌ನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಪ್ರೊಜೆಕ್ಟರ್ ಫ್ಯಾನಿನ ಸದ್ದು ಮಾತ್ರ. ವಲಯ ಅರಣ್ಯಾಧಿಕಾರಿ ಸಾಹೇಬರು ಫೋನಿನಲ್ಲಿ ಏನೋ ತುಂಬ ಅರ್ಜೆಂಟ್ ನೋಡತೊಡಗಿದರು. ಸ್ಲೈಡ್ ಬದಲಿಸೋಣ ಅಂದರೆ ಲ್ಯಾಪ್‌ಟಾಪ್ ಅಪ್‌ಡೇಟ್‌ಗೆ ಹೋಗಿತ್ತು, ಪರದೆ ಮೇಲೆ ಅದೇ ‘ಹಿರಿಯರ ಪರಿಸರ ಪ್ರಜ್ಞೆ’ ನಿಂತೇ ಇತ್ತು. ನನಗೆ ಬೇರೆ ದಾರಿ ತೋಚದೆ ಕಾನೂನಿಗೆ ಹಾರಿದೆ. ದಾಖಲೆಯಲ್ಲಿ ಇದು ಅರಣ್ಯ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕಟ್ಟಡಕ್ಕೆ ಕೇಂದ್ರದ ಒಪ್ಪಿಗೆ ಬೇಕು ಅಂದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೂಗಿದ: “ಹಾಗಾದ್ರೆ ಸರ್ಕಾರ ಅಂತ ನೇರ ಹೇಳಿ, ನಮ್ಮ ಅಜ್ಜಂದಿರ ಹೆಸರು ಯಾಕೆ ತರ್ತೀರಿ?” ಸರಿಯಾದ ಮಾತೇ.

ತಕ್ಕರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಹಳೆಯ ಕಟ್ಟುಪಾಡು ದೇವರ ಸ್ವತ್ತಿನ ಕಟ್ಟುಪಾಡು. ಕಾಡಿನ ಗಡಿ ದಾಟಿದರೆ ಆ ಕಟ್ಟೂ ಮುಗಿಯುತ್ತೆ. ಒಳಗೆ ಕತ್ತಿ ಹಾಕದವರೇ ಆಚೆ ತಮ್ಮ ಬಾಣೆ ಜಮೀನಿನಲ್ಲಿ ಮರ ಕೊಯ್ಸುತ್ತಾರೆ, ತೋಟಕ್ಕೆ ಬಂದ ಹಂದಿಗೂ ಆನೆಗೂ ಅಲ್ಲಿ ಯಾವ ಮರ್ಯಾದೆಯೂ ಇಲ್ಲ. ಭಕ್ತಿ ಇದ್ದರೆ ಕಾಡು ಉಳಿಯುತ್ತೆ ಅನ್ನೋದೂ ಪೂರ್ತಿ ನಿಜವಲ್ಲ. 1905ರಲ್ಲಿ ಕೊಡಗಿನ ದೇವರಕಾಡುಗಳು ಅರಣ್ಯ ಇಲಾಖೆಯಿಂದ ಕಂದಾಯ ಇಲಾಖೆಗೆ ಹೋದವು. ಆಗ ಸುಮಾರು 15,500 ಎಕರೆ ಇತ್ತು. 1985ರಲ್ಲಿ ವಾಪಸ್ ಬರುವಾಗ ಸುಮಾರು 6,300 ಎಕರೆ. ತಮಾಷೆ ಅಂದ್ರೆ ಅದೇ ಹೊತ್ತಿಗೆ ಕಾಡುಗಳ ಸಂಖ್ಯೆ 873ರಿಂದ 1,214ಕ್ಕೆ ಏರಿತ್ತು. ಒಂದು ಕಾಡು ತುಂಡಾಗಿ ಎರಡು ಮೂರು ಆದರೆ ಲೆಕ್ಕದಲ್ಲಿ ಜಾಸ್ತಿಯೇ ಅಲ್ವಾ! ಆ 80 ವರ್ಷವೂ ಹಬ್ಬ ನಡೆದಿದೆ, ಹರಕೆ ಸಂದಿದೆ. ಅಂಚಿನಲ್ಲಿ ಮಾತ್ರ ತೋಟ ಒಳಗೆ ಸರಿಯುತ್ತಾ ಬಂದಿದೆ.

ಸಭೆ ಉಳಿದದ್ದು ಅಂಚಿನಿಂದಲೇ. ನಮ್ಮ ಸರ್ವೆಯ ಹುಡುಗ ಬ್ಯಾಗಿನಿಂದ ಸ್ಕೆಚ್ ತೆಗೆದು ಮೇಜಿನ ಮೇಲೆ ಹರಡಿದ. ಅದಕ್ಕೆ ನಾವು ಪಟ್ಟ ಪಾಡೇ ಬೇರೆ. ಮರದ ಕೆಳಗೆ ಕೈಯಲ್ಲಿ ಹಿಡಿಯುವ ಜಿಪಿಎಸ್ ಹತ್ತು ಮೀಟರ್ ಆಚೀಚೆ ತೋರಿಸುತ್ತೆ, ಇಷ್ಟು ಸಣ್ಣ ಕಾಡಿಗೆ ಅದು ಸುಮ್ನೆ ದಂಡ. ಒಳ್ಳೆ ಮೆಷಿನ್ ಬಾಡಿಗೆಗೆ ತರೋಣ ಅಂದರೆ ಬಜೆಟ್ ಇಲ್ಲ ಅಂದಿದ್ದರು, ಪ್ರೊಜೆಕ್ಟರಿಗೆ ಮಾತ್ರ ಇತ್ತು. ಕೊನೆಗೆ ಬಾಂದು ಕಲ್ಲು ಹುಡುಕಿ, ಟೇಪು ಹಿಡಿದೇ ಅಳೆದಿದ್ದೆವು. ದಾಖಲೆಯಲ್ಲಿ ಐದು ಎಕರೆ, ನೆಲದ ಮೇಲೆ ನಾಲ್ಕೂ ಚಿಲ್ಲರೆ. ಪೂರ್ವದ ಎರಡು ಕಲ್ಲು ಪಕ್ಕದ ತೋಟದ ಕಾಫಿ ಸಾಲಿನ ನಡುವೆ ಸಿಕ್ಕಿದ್ದವು.

ತಕ್ಕರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. “ಇದು ಅಯ್ಯಪ್ಪನದಾ?” ಅಂತ ಕೇಳಿದರು. ಹೌದು ಅಂದೆ. ಆಮೇಲೆ ಕೋಪ ನಮ್ಮ ಮೇಲಿರಲಿಲ್ಲ. ಗುಡಿಗಾಗಿ ಮರ ಕಡಿಯೋಕೆ ಒಪ್ಪಿದ್ದ ಅದೇ ಮಾತು, ಅವನ ಆಸ್ತಿ ಅನ್ನೋದು, ಈಗ ತೋಟದವರ ಕಡೆ ತಿರುಗಿತ್ತು. ಆಗಲೇ ನಾನು ಕಾಗದದ ಮೇಲೆ 142, 82, 85 ಬರೆದು ತೋರಿಸಿದೆ. ಪರಿಸರ ಅನ್ನೋ ಪದ ಎತ್ತಲಿಲ್ಲ. ನಡುವೆ ಅಂಗಳ ಮಾಡಿದರೆ ಅವನ ಕಾಡು ಒಳಗಿನಿಂದ ಒಣಗುತ್ತೆ ಅಂತ ಅಷ್ಟೇ ಹೇಳಿದೆ. ಅಂಗಳವೂ ಅಡುಗೆ ಮನೆಯೂ ರಸ್ತೆ ಬದಿಗೆ ಕಾಡಿನ ಹೊರಗೆ ಬರಲಿ, ನಡುವಿನ ಕಟ್ಟೆ ಇದ್ದ ಹಾಗೇ ಇರಲಿ, ಹೋಗೋಕೆ ಕಾಲುದಾರಿ ಸಾಕು ಅನ್ನುವಲ್ಲಿಗೆ ಮಾತು ಬಂತು. ಆದರೆ ಕಟ್ಟೆಗೆ ಸೂರು ಹಾಕದಿರೋಕೆ ಇನ್ನೊಂದು ಪ್ರಶ್ನೆ ಇಡಬೇಕಂತೆ. ಅಲ್ಲಿ ಏನು ಬರುತ್ತೋ, ಅದಕ್ಕೆ ನಮ್ಮ ಫಾರ್ಮ್ಯಾಟ್‌ನಲ್ಲಿ ಕಾಲಂ ಇಲ್ಲ.

ಒತ್ತುವರಿ ಜಾಗದಲ್ಲಿ ಕಾಫಿ ಜೊತೆ ಕಾರ್ಮಿಕರ ಎರಡು ಲೈನ್‌ಮನೆಗಳೂ ಇವೆ. ತೋಟದವರಿಗೆ ಬೇರೆ ಜಾಗ ಇದೆ, ಕಾರ್ಮಿಕರಿಗಿಲ್ಲ. ಜಂಟಿ ಸರ್ವೆಗೆ ಅರ್ಜಿ ಹಾಕಿದ್ದೇವೆ, ತಾಲೂಕು ಕಚೇರಿಯಲ್ಲಿ ಫೈಲು ಮಲಗಿದೆ. ಸ್ಲೈಡ್ ತೆಗೆಯೋಣ ಅಂತ ಆಫೀಸಿಗೆ ಮೇಲ್ ಹಾಕಿದ್ದೆ. ಫಾಂಟ್ ಬದಲಿಸಿದ್ದಾರೆ.