ಹದಿನೇಳು ದಿನ ತಡವಾದ ಎಫ್‌ಸಿ

ಶಿರಾದಿಂದ ತುಮಕೂರಿಗೆ ಕಡಲೆಕಾಯಿ ಚೀಲ ಹೇರಿಕೊಂಡು ನನ್ನ ಗೂಡ್ಸ್ ಗಾಡಿಯಲ್ಲಿ ಬರುತ್ತಿದ್ದಾಗ, ಪಕ್ಕದ ರಸ್ತೆಯಿಂದ ಬೈಕೊಂದು ಏಕಾಏಕಿ ಹೆದ್ದಾರಿಗೆ ನುಗ್ಗಿತು. ಅದನ್ನು ತಪ್ಪಿಸಲು ಎಡಕ್ಕೆ ಎಳೆದೆನಾದರೂ ಗಾಡಿಯ ಹಿಂಬದಿ ತಗುಲಿ ಸವಾರ ಬಿದ್ದು ಅವರ ಮಣಿಕಟ್ಟು ಮುರಿಯಿತು. ನನ್ನ ಗಾಡಿ ಹುಣಸೆ ಮರಕ್ಕೆ ಗುದ್ದಿ ನಿಂತಿತು. ವಿಮೆ ಚಾಲ್ತಿಯಲ್ಲಿತ್ತು, ಲೈಸೆನ್ಸ್ ಸರಿಯಿತ್ತು. ಗಾಡಿ ರಸ್ತೆಯಲ್ಲಿ ಓಡಲು ಯೋಗ್ಯವಾಗಿದೆ ಎಂಬ ಪ್ರಮಾಣಪತ್ರವಾದ ಎಫ್‌ಸಿಯ ಅವಧಿ ಮಾತ್ರ 17 ದಿನಗಳ ಹಿಂದೆಯೇ ಮುಗಿದಿತ್ತು, ಎಮಿಷನ್ ಸರ್ಟಿಫಿಕೇಟಿನದೂ ಮುಗಿದಿತ್ತು. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷವೂ ಎಫ್‌ಸಿ ಮಾಡಿಸಬೇಕು. ನನ್ನದು ಒಂಬತ್ತನೇ ವರ್ಷದ ಗಾಡಿ, ಆ ತಿಂಗಳು ಬಾಡಿಗೆಗಳ ಒತ್ತಡದಲ್ಲಿ ಮುಂದೂಡಿದ್ದೆ.

ಪರಿಚಯದವರೊಬ್ಬರು, ನಾಳೆಯೇ ಎಫ್‌ಸಿ ಮಾಡಿಸಿ, ಅಪಘಾತ ಆಮೇಲೆ ಆಯಿತೆಂದು ಕ್ಲೇಮ್ ಹಾಕಿ ಎಂದರು. ನಾನು ಒಪ್ಪಲಿಲ್ಲ. ಅದು ಸುಳ್ಳು ಎಂಬುದು ಮೊದಲ ಕಾರಣ. ಎಫ್‌ಐಆರ್‌ನಲ್ಲಿ ಅಪಘಾತದ ದಿನ, ಸಮಯ ಎರಡೂ ದಾಖಲಾಗಿದ್ದವು, ಎಫ್‌ಸಿ ಎಂದಿನವರೆಗೆ ಇತ್ತೆಂಬುದನ್ನು ವಾಹನ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದಿತ್ತು ಎಂಬುದು ಎರಡನೆಯದು. ಕ್ಲೇಮಿಗೆ ಲೆಕ್ಕಕ್ಕೆ ಬರುವುದು ಅಪಘಾತದ ದಿನದ ಸ್ಥಿತಿಯೇ.

ಗ್ಯಾರೇಜಿನ ಬಿಲ್ಲು 1,60,000 ರೂಪಾಯಿ ಆಯಿತು. ಬಿಡಿಭಾಗಗಳ ಸವಕಳಿ ಮತ್ತು ಪಾಲಿಸಿಯಂತೆ ನಾನೇ ಭರಿಸಬೇಕಾದ ಮೊತ್ತ ಕಳೆದು ಸರ್ವೇಯರ್ ನಿಗದಿಪಡಿಸಿದ್ದು 1,04,000. ಅಷ್ಟಾದರೂ ಬರುತ್ತದೆ ಎಂದುಕೊಂಡಿದ್ದಾಗ ಕ್ಲೇಮ್ ತಿರಸ್ಕರಿಸಿದ ಪತ್ರ ಬಂತು. ಅದರಲ್ಲಿ ಎಮಿಷನ್ ಸರ್ಟಿಫಿಕೇಟ್ ಇಲ್ಲ, ಎಫ್‌ಸಿ ಇಲ್ಲ ಎಂಬ ಎರಡು ಕಾರಣಗಳನ್ನು ಒಂದೇ ಸಾಲಿನಲ್ಲಿ ಬರೆದಿದ್ದರು. ವಕೀಲರಿಗೆ ತೋರಿಸಿದಾಗ ಅವರು ಮೊದಲು ಮಾಡಿದ ಕೆಲಸವೆಂದರೆ ಆ ಎರಡನ್ನೂ ಬೇರ್ಪಡಿಸಿದ್ದು.

ಎಮಿಷನ್ ಸರ್ಟಿಫಿಕೇಟ್ ಇಲ್ಲವೆಂಬುದು ಕ್ಲೇಮ್ ನಿರಾಕರಿಸಲು ಸರಿಯಾದ ಕಾರಣವಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರವೇ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಪೊಲೀಸರು ದಂಡ ಹಾಕಬಹುದು, ಆದರೆ ಅದು ಬೇರೆ ವಿಷಯ. ಎಫ್‌ಸಿ ಹಾಗಲ್ಲ. ಸಾರಿಗೆ ವಾಹನಕ್ಕೆ ಎಫ್‌ಸಿ ಇಲ್ಲದಿದ್ದರೆ ಅದರ ನೋಂದಣಿಯೇ ಸಿಂಧುವಲ್ಲವೆಂದು ಪರಿಗಣಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 56ನೇ ಕಲಂ. ತಾತ್ಕಾಲಿಕ ನೋಂದಣಿ ಮುಗಿದ ವಾಹನವೊಂದರ ಕ್ಲೇಮನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಒಪ್ಪಿರಲಿಲ್ಲವಾದ್ದರಿಂದ ಕಂಪನಿಯ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ.

ನಮ್ಮ ಕೈಹಿಡಿದದ್ದು ಮೋಟಾರು ವಾಹನ ನಿರೀಕ್ಷಕರ ಒಂದು ಹಾಳೆಯ ವರದಿ. ಸವಾರರಿಗೆ ಪೆಟ್ಟಾಗಿ ಪೊಲೀಸ್ ಪ್ರಕರಣವಾಗಿದ್ದರಿಂದ ಠಾಣೆಯ ಆವರಣದಲ್ಲಿ ನಿರೀಕ್ಷಕರು ಗಾಡಿ ಪರೀಕ್ಷಿಸಿದ್ದರು. ಬ್ರೇಕ್ ಮತ್ತು ಸ್ಟೀರಿಂಗ್ ಸರಿಯಿವೆ ಎಂದು ಬರೆದು, ಕೊನೆಯಲ್ಲಿ ಅಪಘಾತವು ಯಾಂತ್ರಿಕ ದೋಷದಿಂದ ಸಂಭವಿಸಿದ್ದಲ್ಲ ಎಂದು ದಾಖಲಿಸಿದ್ದರು. ನಾನು ಆ ಸಾಲನ್ನು ಮೊದಲು ಗಮನಿಸಿಯೇ ಇರಲಿಲ್ಲ. ಎಫ್‌ಸಿ ಇಲ್ಲದಿರುವುದಕ್ಕೂ ಅಪಘಾತಕ್ಕೂ ಸಂಬಂಧವಿಲ್ಲವೆಂದು ಹೇಳಲು ನನ್ನ ಬಳಿ ಬೇರೆ ಯಾವ ಪುರಾವೆಯೂ ಇರಲಿಲ್ಲ.

ಆ ವರದಿಯ ಪ್ರತಿಯನ್ನು ಲಗತ್ತಿಸಿ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆದೆವು. ಪಾಲಿಸಿಯ ಷರತ್ತು ಮುರಿದಿದ್ದರೂ ಕ್ಲೇಮನ್ನು ಪೂರ್ತಿ ತಳ್ಳಿಹಾಕದೆ, ಸಲ್ಲಬೇಕಾದ ಮೊತ್ತದ ಶೇಕಡ 75ರವರೆಗೆ ಕೊಡಬಹುದಾದ ‘ನಾನ್ ಸ್ಟ್ಯಾಂಡರ್ಡ್’ ಕ್ರಮವೊಂದಿದೆ. ಸುಪ್ರೀಂ ಕೋರ್ಟ್ 2010ರ ತೀರ್ಪೊಂದರಲ್ಲಿ ಅದನ್ನು ಅನ್ವಯಿಸಿದೆ. ನಾವು ಕೇಳಿದ್ದು ಅದನ್ನೇ. ಕಂಪನಿ ಒಪ್ಪಿ 78,000 ರೂಪಾಯಿ ಕೊಟ್ಟಿತು. ಬಾಕಿ 26,000ಕ್ಕಾಗಿ ಹೋರಾಡಬೇಕೆಂದು ನನಗೆ ಅನಿಸಲಿಲ್ಲ, ಏಕೆಂದರೆ ಎಫ್‌ಸಿ ಬಿಟ್ಟದ್ದು ನನ್ನ ತಪ್ಪೇ.

ಆದರೆ ಬೈಕ್ ಸವಾರರ ಪರಿಹಾರದ ಅರ್ಜಿ ನ್ಯಾಯಮಂಡಳಿಯಲ್ಲಿ ಇನ್ನೂ ಬಾಕಿ ಇದೆ, ನನಗೆ ಹೆಚ್ಚು ಚಿಂತೆಯಿರುವುದು ಅದರದೇ. ಕಂಪನಿ ಅವರಿಗೆ ಹಣ ಕೊಟ್ಟು ಆಮೇಲೆ ನನ್ನಿಂದ ವಸೂಲು ಮಾಡಿಕೊಳ್ಳಲಿ ಎಂಬ ಆದೇಶ ಬರಬಹುದು. ಎಫ್‌ಸಿ ಇಲ್ಲದಿರುವುದು ಮೂಲಭೂತ ಉಲ್ಲಂಘನೆ ಎಂದು ಕೇರಳ ಹೈಕೋರ್ಟಿನ ಪೂರ್ಣಪೀಠ 2018ರಲ್ಲಿ ಹೇಳಿರುವುದನ್ನು ಕಂಪನಿಯ ವಕೀಲರು ಈಗಾಗಲೇ ಎತ್ತಿದ್ದಾರೆ. ಸವಾರರಿಗಂತೂ ಹಣ ಸೇರುತ್ತದೆ ಎಂಬ ಸಮಾಧಾನವಿದೆ. ವಸೂಲಾತಿ ಬಂದರೆ ಅಲ್ಲಿ ಶೇಕಡ 75ರ ಲೆಕ್ಕವಿಲ್ಲ, ಪೂರ್ತಿ ಮೊತ್ತ ನನ್ನ ಮೇಲೆಯೇ ಬೀಳುತ್ತದೆ. ನಿರೀಕ್ಷಕರ ಆ ಒಂದು ಹಾಳೆಯನ್ನು ಅಲ್ಲಿಯೂ ಹಾಜರುಪಡಿಸಿದ್ದೇವೆ. ನನ್ನ ಪಾಟೀಸವಾಲು ಇನ್ನೂ ಆಗಬೇಕಿದೆ.